ವಿದೇಶಿ ಮಾರುಕಟ್ಟೆ ಪ್ರವೇಶದ ನಾಲ್ಕು ವಿಧಾನಗಳು: ಪುನರ್ಮನನದ ಕೋಷ್ಟಕ ಮತ್ತು ಟಿಪ್ಪಣಿ

ಅಂತರರಾಷ್ಟ್ರೀಯ ವ್ಯವಹಾರ, ಬಿ.ಕಾಂ. ಅಂತಿಮ ವರ್ಷ, ಹಾಸನ

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಮತ್ತೆ ಮತ್ತೆ ಎದುರಾದ ಒಂದು ತಪ್ಪಿನ ಕಾರಣದಿಂದ ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ನಾಲ್ಕೂ ವಿಧಾನಗಳ ವ್ಯಾಖ್ಯೆಯನ್ನು ನಿಮ್ಮಲ್ಲಿ ಬಹುತೇಕರು ಸರಿಯಾಗಿಯೇ ಬರೆದಿದ್ದೀರಿ. ಆದರೆ ಪರವಾನಗಿಗೂ ಫ್ರಾಂಚೈಸಿಗೂ ಇರುವ ವ್ಯತ್ಯಾಸವನ್ನು ಕೇಳಿದಲ್ಲಿ ಅದೇ ವ್ಯಾಖ್ಯೆಯನ್ನು ಪದ ಬದಲಿಸಿ ಎರಡು ಸಲ ಬರೆದು ಪುಟ ತುಂಬಿಸಿದ್ದೀರಿ. ಯಾವ ವಿಧಾನವಾದರೂ ಮೊದಲು ಕೇಳಬೇಕಾದ ಪ್ರಶ್ನೆ, ದೇಶದ ಗಡಿಯನ್ನು ದಾಟಿ ಹೋಗುವುದು ಏನು ಎಂಬುದು. ಸರಕು ಹೋಗುತ್ತದೆಯೋ, ಹಕ್ಕು ಹೋಗುತ್ತದೆಯೋ, ವ್ಯವಹಾರದ ಇಡೀ ಪದ್ಧತಿ ಹೋಗುತ್ತದೆಯೋ, ಬಂಡವಾಳವೇ ಹೋಗುತ್ತದೆಯೋ ಎಂದು ತಿಳಿದರೆ ಉಳಿದ ವ್ಯತ್ಯಾಸಗಳು ಅದರಿಂದಲೇ ಹುಟ್ಟಿಕೊಳ್ಳುತ್ತವೆ.

ಸಕಲೇಶಪುರದ ಬಳಿ ಕಾಫಿ ಹುರಿದು ಪುಡಿ ಮಾಡಿ ತನ್ನದೇ ಬ್ರಾಂಡಿನಲ್ಲಿ ಮಾರುವ ಒಂದು ಘಟಕವಿದೆ, ಅದಕ್ಕೆ ದುಬೈ ಮಾರುಕಟ್ಟೆಯನ್ನು ಪ್ರವೇಶಿಸಬೇಕೆಂಬ ಆಸೆಯಿದೆ ಎಂದು ಭಾವಿಸಿಕೊಳ್ಳಿ. ಟಿಪ್ಪಣಿಯುದ್ದಕ್ಕೂ 'ಘಟಕ' ಎಂದರೆ ಇದೇ ಕಾಲ್ಪನಿಕ ಘಟಕ.

| ಹೋಲಿಕೆಯ ಅಂಶ | ರಫ್ತು | ಪರವಾನಗಿ | ಫ್ರಾಂಚೈಸಿ | ಜಂಟಿ ಉದ್ಯಮ |
|---|---|---|---|---|
| ಗಡಿ ದಾಟುವುದು | ಸಿದ್ಧ ಸರಕು | ಪೇಟೆಂಟ್, ಟ್ರೇಡ್‌ಮಾರ್ಕ್, ತಯಾರಿಕಾ ಜ್ಞಾನದ ಬಳಕೆಯ ಹಕ್ಕು | ಹೆಸರು ಮತ್ತು ವ್ಯವಹಾರ ನಡೆಸುವ ಇಡೀ ಪದ್ಧತಿ | ಷೇರು ಬಂಡವಾಳ, ತಂತ್ರಜ್ಞಾನ, ಸಿಬ್ಬಂದಿ |
| ತಯಾರಿಕೆ ಅಥವಾ ನಿರ್ವಹಣೆ | ಸ್ವದೇಶದಲ್ಲಿ, ನಾವೇ | ವಿದೇಶದಲ್ಲಿ, ಪರವಾನಗಿ ಪಡೆದವರು | ವಿದೇಶದಲ್ಲಿ, ಫ್ರಾಂಚೈಸಿ ಪಡೆದವರು, ನಮ್ಮ ಕೈಪಿಡಿಯಂತೆ | ವಿದೇಶದಲ್ಲಿ, ಇಬ್ಬರೂ ಸೇರಿ ಕಟ್ಟಿದ ಕಂಪನಿ |
| ವಿದೇಶದಲ್ಲಿ ನಮ್ಮ ಹೂಡಿಕೆ | ಕಡಿಮೆ | ಬಹುತೇಕ ಇಲ್ಲ | ಕಡಿಮೆ. ತರಬೇತಿ, ತಪಾಸಣೆಗೆ ವೆಚ್ಚ | ಹೆಚ್ಚು |
| ಆದಾಯದ ರೂಪ | ಮಾರಾಟದ ಲಾಭ | ರಾಯಧನ, ಕೆಲವೊಮ್ಮೆ ಮುಂಗಡ ಮೊತ್ತ | ಪ್ರವೇಶ ಶುಲ್ಕ, ವಹಿವಾಟಿನ ಮೇಲೆ ರಾಯಧನ | ಲಾಭದಲ್ಲಿ ಪಾಲು |
| ನಮ್ಮ ಹಿಡಿತ | ತಯಾರಿಕೆಯ ಮೇಲೆ ಪೂರ್ಣ, ಮಾರಾಟದ ಮೇಲೆ ಕಡಿಮೆ | ಕಡಿಮೆ | ಮಧ್ಯಮದಿಂದ ಹೆಚ್ಚು | ಹಂಚಿಕೆಯಾದದ್ದು |
| ಮುಖ್ಯ ಅಪಾಯ | ಸುಂಕ, ಸಾಗಣೆ, ವಿನಿಮಯ ದರ, ಹಣ ಬಾರದಿರುವುದು | ಪಡೆದವರೇ ನಾಳೆ ಪ್ರತಿಸ್ಪರ್ಧಿಯಾಗುವುದು | ಒಂದು ಮಳಿಗೆಯ ತಪ್ಪಿನಿಂದ ಇಡೀ ಹೆಸರು ಕೆಡುವುದು | ಪಾಲುದಾರರ ನಡುವೆ ಭಿನ್ನಾಭಿಪ್ರಾಯ, ಬಂಡವಾಳ ನಷ್ಟ |
| ಹೊರಬರುವುದು | ಸುಲಭ | ಒಪ್ಪಂದದ ಅವಧಿ ಮುಗಿದಾಗ | ಒಪ್ಪಂದದಂತೆ. ವಿವಾದಕ್ಕೆ ಅವಕಾಶವಿದೆ | ಕಷ್ಟ. ಷೇರು ಮಾರಬೇಕು |
| ಉದಾಹರಣೆ | ಹಾಸನ ಭಾಗದ ಮಿಡಿಸೌತೆ, ಮಲೆನಾಡಿನ ಕಾಫಿ ಬೀಜ | ಆಸ್ಟ್ರಾಜೆನೆಕಾದ ಲಸಿಕೆಯನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 'ಕೋವಿಶೀಲ್ಡ್' ಎಂದು ತಯಾರಿಸಿದ್ದು | ಭಾರತದಲ್ಲಿ ಡೊಮಿನೋಸ್ ಮಳಿಗೆಗಳನ್ನು ಜುಬಿಲಂಟ್ ಫುಡ್‌ವರ್ಕ್ಸ್ ನಡೆಸುವುದು | 2012ರಲ್ಲಿ ಆರಂಭವಾದ ಟಾಟಾ ಸ್ಟಾರ್‌ಬಕ್ಸ್, ತಲಾ ಶೇ. 50 ಪಾಲು |

ಕೊನೆಯ ಸಾಲಿನ ಮೂರು ಉದಾಹರಣೆಗಳಲ್ಲಿ ಭಾರತವು ಪ್ರವೇಶ ಪಡೆದ ಮಾರುಕಟ್ಟೆಯೇ ಹೊರತು ಪ್ರವೇಶಿಸಿದ ಪಕ್ಷವಲ್ಲ ಎಂಬುದನ್ನು ಗಮನಿಸಿ. ಉತ್ತರದಲ್ಲಿ ಯಾರ ದೃಷ್ಟಿಯಿಂದ ಬರೆಯುತ್ತಿದ್ದೀರಿ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುವುದು ಒಳ್ಳೆಯದು.

ರಫ್ತು

ನಮ್ಮ ಜಿಲ್ಲೆಯವರಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿಲ್ಲ. ಸಂಸ್ಕರಣಾ ಘಟಕದಿಂದ ಹೊರಡುವ ಕಾಫಿ ಬೀಜದ 60 ಕೆ.ಜಿ. ಗೋಣಿ ಚೀಲದ ಮೇಲೆ ದರ್ಜೆಯ ಹೆಸರು ಮತ್ತು ಗುರುತಿನ ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಅಂಥ ಸುಮಾರು 320 ಚೀಲಗಳು ತುಂಬಿದ ಕಂಟೇನರ್ ಶಿರಾಡಿ ಘಾಟಿ ಇಳಿದು ಮಂಗಳೂರಿನ ಬಂದರು ಸೇರುತ್ತದೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಹಡಗು ಕಾಯುವುದಿಲ್ಲ. ಅಪಾಯಗಳ ಸಾಲಿನಲ್ಲಿ 'ಸಾಗಣೆ' ಎಂದು ಕೋಷ್ಟಕದಲ್ಲಿ ಒಂದೇ ಪದದಲ್ಲಿ ಬರೆದದ್ದರ ಅರ್ಥ ಇದು.

ರಫ್ತಿನಲ್ಲಿ ನೇರ ಮತ್ತು ಪರೋಕ್ಷ ಎಂಬ ಎರಡು ಬಗೆಗಳಿವೆ. ಘಟಕವು ತನ್ನ ಪುಡಿಯನ್ನು ಬೆಂಗಳೂರಿನ ರಫ್ತು ವರ್ತಕನಿಗೆ ರೂಪಾಯಿಯಲ್ಲಿ ಮಾರಿ, ಆತ ಅದನ್ನು ದುಬೈಗೆ ಕಳುಹಿಸಿದರೆ ಅದು ಪರೋಕ್ಷ ರಫ್ತು. ಕಾಗದಪತ್ರದ ತಲೆಬಿಸಿ ಆತನದು, ವಿದೇಶಿ ಗ್ರಾಹಕನ ಪರಿಚಯವೂ ಆತನದೇ. ಘಟಕವೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಹತ್ತು ಅಕ್ಷರಾಂಕಗಳ ಆಮದು-ರಫ್ತು ಸಂಕೇತವನ್ನು ಪಡೆದು, ಕಾಫಿ ಮಂಡಳಿಯಲ್ಲಿ ರಫ್ತುದಾರನಾಗಿ ನೋಂದಾಯಿಸಿಕೊಂಡು, ಖರೀದಿದಾರನ ಬ್ಯಾಂಕಿನಿಂದ ಸಾಖಪತ್ರ ಪಡೆದು ಸರಕು ಕಳುಹಿಸಿದರೆ ಅದು ನೇರ ರಫ್ತು. ಹಿಂದೆ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆಯನ್ನು ಹಂತಹಂತವಾಗಿ ಸಡಿಲಿಸಿ, 1996ರ ವೇಳೆಗೆ ಪೂರ್ಣವಾಗಿ ಮುಕ್ತಗೊಳಿಸಿದ ನಂತರವೇ ಬೆಳೆಗಾರನಿಗೆ ಇಂಥ ಆಯ್ಕೆಗಳು ತೆರೆದವು.

ರಫ್ತಿನಲ್ಲಿ ಅಪಾಯವೇ ಇಲ್ಲ ಎಂದು ಕೆಲವರು ಬರೆದಿದ್ದೀರಿ. ವಿದೇಶದಲ್ಲಿ ಬಂಡವಾಳ ಸಿಕ್ಕಿಬೀಳುವ ಅಪಾಯ ಕಡಿಮೆ ಎಂದಷ್ಟೇ ಹೇಳಬಹುದು. ಹುರಿಯದ ಬೀಜಕ್ಕೆ ಸುಂಕ ವಿಧಿಸದ ಕೆಲವು ಮಾರುಕಟ್ಟೆಗಳು ಹುರಿದ ಕಾಫಿಗೆ ವಿಧಿಸುತ್ತವೆ, ಸಾಲದ್ದಕ್ಕೆ ಹುರಿದ ಪುಡಿ ಹಡಗಿನಲ್ಲಿ ಕಳೆಯುವ ವಾರಗಳಲ್ಲಿ ಅದರ ಪರಿಮಳವೂ ಕುಗ್ಗುತ್ತದೆ. ಮೌಲ್ಯವರ್ಧಿತ ಸರಕು ತಯಾರಿಸುವವರು ರಫ್ತನ್ನು ಬಿಟ್ಟು ಮುಂದಿನ ವಿಧಾನಗಳತ್ತ ನೋಡಲು ಇವೇ ಕಾರಣಗಳಾಗಬಹುದು.

ಪರವಾನಗಿ

ದುಬೈನಲ್ಲಿ ಈಗಾಗಲೇ ಹುರಿಯುವ ಯಂತ್ರವಿರುವ ಕಂಪನಿಗೆ ಘಟಕವು ತನ್ನ ಟ್ರೇಡ್‌ಮಾರ್ಕನ್ನೂ, ಅರೇಬಿಕಾ, ರೊಬಸ್ಟಾ, ಚಿಕೋರಿಗಳ ಮಿಶ್ರಣದ ಅನುಪಾತವನ್ನೂ ಬಳಸಲು ಬಿಟ್ಟು ಪ್ರತಿ ಮಾರಾಟದ ಮೇಲೆ ರಾಯಧನ ಪಡೆದರೆ ಅದು ಪರವಾನಗಿ. ಅಂಗಡಿ ಹೇಗಿರಬೇಕು, ಕೆಲಸದವರು ಯಾವ ಬಟ್ಟೆ ತೊಡಬೇಕು ಎಂಬುದನ್ನು ಘಟಕ ಹೇಳುವುದಿಲ್ಲ, ಅದು ಕೊಟ್ಟದ್ದು ಒಂದು ಹಕ್ಕು ಮಾತ್ರ. ಆದರೆ ಆ ಮಿಶ್ರಣದ ಗುಟ್ಟು ಒಮ್ಮೆ ಕೈದಾಟಿದ ಮೇಲೆ ಒಪ್ಪಂದ ಮುಗಿದರೂ ಮರಳಿ ಬರುವುದಿಲ್ಲ.

ಇಲ್ಲಿ ಸ್ಥಳೀಯವಾದ ಒಂದು ಸೂಕ್ಷ್ಮವಿದೆ, ಬರೆದವರಿಗೆ ನಾನಾದರೂ ಒಂದು ಅಂಕ ಹೆಚ್ಚು ಕೊಡುತ್ತೇನೆ. 'ಚಿಕ್ಕಮಗಳೂರು ಅರೇಬಿಕಾ' ಮತ್ತು 'ಬಾಬಾಬುಡನ್‌ಗಿರಿ ಅರೇಬಿಕಾ' ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹಾಗಿದ್ದ ಮೇಲೆ ಆ ಹೆಸರನ್ನೇ ದುಬೈ ಕಂಪನಿಗೆ ಪರವಾನಗಿ ಕೊಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಕೊಡಲಾಗದು: 1999ರ ಭೌಗೋಳಿಕ ಗುರುತುಗಳ ಕಾಯ್ದೆಯ 24ನೇ ಕಲಮು ನೋಂದಾಯಿತ ಗುರುತಿನ ಹಕ್ಕನ್ನು ವರ್ಗಾಯಿಸುವುದನ್ನಾಗಲಿ, ಪರವಾನಗಿ ಕೊಡುವುದನ್ನಾಗಲಿ, ಅಡವಿಡುವುದನ್ನಾಗಲಿ ನಿಷೇಧಿಸುತ್ತದೆ. ಆ ಹೆಸರು ನೆಲಕ್ಕೆ ಅಂಟಿಕೊಂಡದ್ದು, ಅಲ್ಲಿನ ಉತ್ಪಾದಕರೆಲ್ಲರಿಗೂ ಸೇರಿದ್ದು. ಘಟಕವು ಕೊಡಬಹುದಾದದ್ದು ತಾನೇ ನೋಂದಾಯಿಸಿದ ಟ್ರೇಡ್‌ಮಾರ್ಕನ್ನು ಮಾತ್ರ.

ಫ್ರಾಂಚೈಸಿ

ಈಗ ಅದೇ ಘಟಕವು ದುಬೈನ ಒಬ್ಬ ವ್ಯಾಪಾರಿಗೆ ತನ್ನ ಹೆಸರಿನಲ್ಲಿ ಫಿಲ್ಟರ್ ಕಾಫಿ ಮಳಿಗೆ ತೆರೆಯಲು ಬಿಡುತ್ತದೆ ಎಂದುಕೊಳ್ಳಿ. ಹೆಸರಿನ ಜೊತೆಗೆ ಒಂದು ಕೈಪಿಡಿಯೂ ಹೋಗುತ್ತದೆ: ಡಿಕಾಕ್ಷನ್ ಇಳಿಯಲು ಎಷ್ಟು ನಿಮಿಷ ಬಿಡಬೇಕು, ಹಾಲು ಎಷ್ಟು, ಲೋಟ ಬಟ್ಟಲು ಯಾವ ಅಳತೆಯದು, ನಾಮಫಲಕದ ಬಣ್ಣ ಯಾವುದು ಎಂಬವೆಲ್ಲ ಅದರಲ್ಲಿರುತ್ತವೆ. ಪುಡಿಯನ್ನು ಘಟಕದಿಂದಲೇ ಕೊಳ್ಳಬೇಕೆಂಬ ಷರತ್ತೂ ಇರಬಹುದು, ಆಗ ಫ್ರಾಂಚೈಸಿಯ ಒಳಗೇ ರಫ್ತೂ ಅಡಗಿರುತ್ತದೆ. ತರಬೇತಿ ಕೊಡುವುದು, ಆಗಾಗ ಹೋಗಿ ತಪಾಸಣೆ ಮಾಡುವುದು ಘಟಕದ ಹೊಣೆ. ಪರವಾನಗಿ ತಯಾರಿಕೆಗೆ ಹೆಚ್ಚು ಹೊಂದುತ್ತದೆ, ಫ್ರಾಂಚೈಸಿ ಸೇವೆಗೆ ಮತ್ತು ಚಿಲ್ಲರೆ ಮಾರಾಟಕ್ಕೆ. ಒಂದು ದೇಶ ಅಥವಾ ಪ್ರದೇಶಕ್ಕೆಲ್ಲ ಒಬ್ಬನಿಗೇ ಹಕ್ಕು ಕೊಡುವುದನ್ನು ಮಾಸ್ಟರ್ ಫ್ರಾಂಚೈಸಿ ಎನ್ನುತ್ತಾರೆ.

ಜಂಟಿ ಉದ್ಯಮ

ಎರಡು ಕಂಪನಿಗಳು ಬಂಡವಾಳ ಹಾಕಿ ಮೂರನೆಯದೊಂದು ಕಂಪನಿಯನ್ನು ಕಟ್ಟುವುದೇ ಜಂಟಿ ಉದ್ಯಮ. ಪಾಲು ಸಮವಾಗಿರಬೇಕೆಂಬ ನಿಯಮವಿಲ್ಲ. 1982ರ ಒಪ್ಪಂದದಲ್ಲಿ ಸುಜುಕಿ ಮಾರುತಿಯಲ್ಲಿ ಪಡೆದದ್ದು ಶೇ. 26 ಪಾಲನ್ನು, ಅದು ಬೆಳೆಯುತ್ತ ಹೋಗಿ 2002ರಲ್ಲಿ ಬಹುಪಾಲಾಯಿತು. ಸ್ಥಳೀಯ ಪಾಲುದಾರನ ಬಳಿ ಮಾರಾಟ ಜಾಲ, ಸರ್ಕಾರಿ ಕಚೇರಿಗಳ ಪರಿಚಯ, ಭಾಷೆ ಇರುತ್ತದೆ. ಪ್ರವೇಶಿಸುವವರ ಬಳಿ ತಂತ್ರಜ್ಞಾನ ಮತ್ತು ಹೆಸರು. ಇಬ್ಬರ ಗುರಿಯೂ ಬಹುಕಾಲ ಒಂದೇ ಆಗಿರುವುದು ಅಪರೂಪ. 1984ರಲ್ಲಿ ಆರಂಭವಾದ ಹೀರೋ ಹೋಂಡಾ ದೇಶದ ಅತಿ ದೊಡ್ಡ ದ್ವಿಚಕ್ರ ವಾಹನ ಕಂಪನಿಯಾಗಿ ಬೆಳೆದರೂ, ಹೋಂಡಾ 1999ರಲ್ಲಿ ಇಲ್ಲಿಯೇ ತನ್ನ ಪೂರ್ಣ ಸ್ವಾಮ್ಯದ ಬೇರೊಂದು ಕಂಪನಿಯನ್ನು ಸ್ಥಾಪಿಸಿತು, ಮತ್ತು 2010ರ ಡಿಸೆಂಬರಿನಲ್ಲಿ ಜಂಟಿ ಕಂಪನಿಯಿಂದ ಹೊರನಡೆಯಲು ಒಪ್ಪಿತು. ಲಾಭದಲ್ಲಿದ್ದ ಉದ್ಯಮವೂ ಒಡೆಯಬಹುದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಹೊಳೆಯುವುದಿಲ್ಲ. ನಮ್ಮ ಘಟಕವು ದುಬೈನಲ್ಲಿ ಬಂಡವಾಳ ಹೂಡುವುದಾದರೆ ಫೆಮಾ ಕಾಯ್ದೆಯಡಿ 2022ರಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳನ್ನು ಪಾಲಿಸಬೇಕು.

ಒಂದೇ ಎಂಟು ಲಕ್ಷ, ನಾಲ್ಕು ದಾರಿ

ಈ ಅಂಕಿಗಳು ಕೇವಲ ಲೆಕ್ಕಕ್ಕೆಂದು ಊಹಿಸಿಕೊಂಡವು. ಘಟಕವು 10,000 ಕೆ.ಜಿ. ಪುಡಿಯನ್ನು ಕೆ.ಜಿ.ಗೆ 80 ರೂ. ಉಳಿಯುವಂತೆ ರಫ್ತು ಮಾಡಿದರೆ 8 ಲಕ್ಷ. ಪರವಾನಗಿ ಪಡೆದವರು 2 ಕೋಟಿ ರೂ. ಮಾರಾಟ ಮಾಡಿ ಶೇ. 4ರಂತೆ ರಾಯಧನ ಕೊಟ್ಟರೂ 8 ಲಕ್ಷ. ತಲಾ 40 ಲಕ್ಷ ವಹಿವಾಟಿನ ನಾಲ್ಕು ಫ್ರಾಂಚೈಸಿ ಮಳಿಗೆಗಳು ಶೇ. 5ರಂತೆ ಕೊಟ್ಟರೂ 8 ಲಕ್ಷ. ಜಂಟಿ ಕಂಪನಿಯು 2 ಕೋಟಿ ವಹಿವಾಟಿನಲ್ಲಿ 16 ಲಕ್ಷ ಲಾಭ ಗಳಿಸಿ ಅರ್ಧ ಹಂಚಿದರೂ 8 ಲಕ್ಷ.

ಈಗ ಮಾರಾಟ ಅರ್ಧಕ್ಕೆ ಇಳಿಯಲಿ. ಮೊದಲ ಮೂರು ವಿಧಾನಗಳಲ್ಲಿ ಘಟಕದ ಕೈಗೆ 4 ಲಕ್ಷ ಬರುತ್ತದೆ. ಜಂಟಿ ಕಂಪನಿಯ ಒಟ್ಟು ವೆಚ್ಚ 1.84 ಕೋಟಿಯಲ್ಲಿ ಬಾಡಿಗೆ, ಸಂಬಳದಂಥ ಸ್ಥಿರ ವೆಚ್ಚ 60 ಲಕ್ಷ ಎಂದಿಟ್ಟುಕೊಂಡರೆ ಅದು ಇಳಿಯುವುದಿಲ್ಲ, 1.24 ಕೋಟಿಯ ಚರ ವೆಚ್ಚ ಮಾತ್ರ 62 ಲಕ್ಷಕ್ಕೆ ಇಳಿಯುತ್ತದೆ. 1 ಕೋಟಿ ವಹಿವಾಟಿಗೆ 1.22 ಕೋಟಿ ವೆಚ್ಚ, 22 ಲಕ್ಷ ನಷ್ಟ, ಅದರಲ್ಲಿ ಘಟಕದ ಪಾಲು 11 ಲಕ್ಷ. ಇದೇ ಲೆಕ್ಕವನ್ನು ತಿರುಗಿಸಿ, ಮಾರಾಟ ದುಪ್ಪಟ್ಟಾದರೆ ಏನಾಗುತ್ತದೆ ಎಂದು ನೀವೇ ಮಾಡಿ ನೋಡಿ: ಮೊದಲ ಮೂರರಲ್ಲಿ 16 ಲಕ್ಷ, ಜಂಟಿ ಉದ್ಯಮದಲ್ಲಿ 46 ಲಕ್ಷ ಬರಬೇಕು.

ಅಭ್ಯಾಸಕ್ಕೆ, ಎಂಟು ಅಂಕ

ಹೊಳೆನರಸೀಪುರದ ಕಡೆಯ ಒಬ್ಬ ಉದ್ಯಮಿ ರೈತರಿಂದ ಒಪ್ಪಂದದ ಮೇಲೆ ಮಿಡಿಸೌತೆ ಬೆಳೆಸಿ, ಉಪ್ಪುನೀರಿನಲ್ಲಿ ಹಾಕಿ ಪೀಪಾಯಿಗಳಲ್ಲಿ ಸ್ಪೇನಿಗೆ ಕಳುಹಿಸುತ್ತಿದ್ದಾರೆ. ಅಲ್ಲಿನ ಖರೀದಿದಾರರು ಅದನ್ನು ಸೀಸೆಗಳಿಗೆ ತುಂಬಿ ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಈಗ ಅದೇ ಖರೀದಿದಾರರು, ಸೀಸೆಗೆ ತುಂಬುವ ಘಟಕವೊಂದನ್ನು ಹಾಸನದಲ್ಲಿಯೇ ಅರ್ಧರ್ಧ ಬಂಡವಾಳದಲ್ಲಿ ಕಟ್ಟೋಣ ಎಂದಿದ್ದಾರೆ. ಈಗಿನ ವಿಧಾನ ಯಾವುದು, ಪ್ರಸ್ತಾಪವಾಗಿರುವುದು ಯಾವುದು, ಆ ಹೊಸ ವಿಧಾನದಲ್ಲಿ ಪ್ರವೇಶಿಸುತ್ತಿರುವ ಪಕ್ಷ ಯಾರು ಎಂಬುದನ್ನು ಹೇಳಿ, ಉದ್ಯಮಿ ಒಪ್ಪುವ ಮುನ್ನ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕಾದ ಎರಡು ಷರತ್ತುಗಳನ್ನು ಕಾರಣಸಹಿತ ಬರೆಯಿರಿ.