ಪ್ರಾಯೋಗಿಕ ವರದಿಯ ಮೌಲ್ಯಮಾಪನ: ಹಿನ್ನೆಲೆ ಹಾಡು ಮತ್ತು ಪದಗಳ ನೆನಪು

ಅಂಕ: ಪ್ರಾಕ್ಕಲ್ಪನೆ 5ಕ್ಕೆ 2, ಚರಗಳ ವ್ಯಾಖ್ಯೆ 5ಕ್ಕೆ 3, ಫಲಿತಾಂಶದ ಅರ್ಥವಿವರಣೆ 10ಕ್ಕೆ 4. ಒಟ್ಟು 20ಕ್ಕೆ 9. ತಿದ್ದಿ ಮತ್ತೆ ಕೊಡಲು ಅವಕಾಶ ಇದೆ.

ಅಂಕ ನೋಡಿ ಬೇಜಾರಾಗಬಹುದು. ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಡು ಕೇಳುತ್ತಾ ಪದಗಳ ಪಟ್ಟಿ ಓದಿದ ಗುಂಪಿಗೂ ನಿಶ್ಶಬ್ದದಲ್ಲಿ ಓದಿದ ಗುಂಪಿಗೂ ನಡುವೆ ಸಾರ್ಥಕ ವ್ಯತ್ಯಾಸ ಬರಲಿಲ್ಲ ಅನ್ನೋ ಕಾರಣಕ್ಕೆ ಅರ್ಧ ಅಂಕವನ್ನೂ ನಾನು ಕಳೆದಿಲ್ಲ. ಅಂಕ ಹೋಗಿರುವುದು ಆ ಫಲಿತಾಂಶದ ಬಗ್ಗೆ ನೀವು ಬರೆದ ಮಾತಿಗೆ, ಅದಕ್ಕೂ ಮೊದಲು ಕೇಳಿಕೊಂಡ ಪ್ರಶ್ನೆಗೆ.

ನನಗೆ ತುಂಬ ಹಿಡಿಸಿದ ಒಂದು ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಹಾಡಿನ ಗುಂಪಿನಲ್ಲಿದ್ದ 22ನೇ ವ್ಯಕ್ತಿ 20ರಲ್ಲಿ 17 ಪದ ನೆನಪಿಟ್ಟಿದ್ದಾರೆ. ದಾಖಲೆ ಹಾಳೆಯ ಅಂಚಿನಲ್ಲಿ ನೀವು ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದೀರಿ: ‘ಇವರನ್ನು ಬಿಟ್ಟರೆ ವ್ಯತ್ಯಾಸ ಜಾಸ್ತಿ ಆಗುತ್ತೆ. ಆದರೆ ಬಿಡೋಕೆ ಕಾರಣ ಇಲ್ಲ.’ ನಾನು ಲೆಕ್ಕ ಹಾಕಿ ನೋಡಿದೆ. ಅವರನ್ನು ಬಿಟ್ಟಿದ್ದರೆ ಹಾಡಿನ ಗುಂಪಿನ ಸರಾಸರಿ 9.87ರಿಂದ 9.36ಕ್ಕೆ ಇಳಿಯುತ್ತಿತ್ತು. ನಿಮಗೆ ಬೇಕಾದ ಕಡೆಗೇ ಅದು ವಾಲುತ್ತಿತ್ತು, ಆದರೂ ನೀವು ಬಿಡಲಿಲ್ಲ. ಇದು ಪ್ರಾಮಾಣಿಕ ಕೆಲಸ. ಈ ಮಾತನ್ನು ಅಂಚಿನಲ್ಲಿ ಬಚ್ಚಿಡಬೇಡಿ, ವರದಿಯ ಒಳಗೇ ಬರೆಯಿರಿ.

ಈಗ ಪ್ರಾಕ್ಕಲ್ಪನೆಗೆ ಬರೋಣ. ನೀವು ಬರೆದಿರುವುದು: ‘ಸಂಗೀತ ಕೇಳುವುದರಿಂದ ನೆನಪಿನ ಶಕ್ತಿಯ ಮೇಲೆ ಕೆಟ್ಟ ಪರಿಣಾಮ ಆಗುತ್ತದೆ ಎಂದು ಸಾಬೀತು ಮಾಡುವುದು.’ ಇದು ಪ್ರಾಕ್ಕಲ್ಪನೆ ಅಲ್ಲ, ಉದ್ದೇಶ. ಅದರಲ್ಲೂ ಉತ್ತರ ಮೊದಲೇ ಗೊತ್ತಿದ್ದವರ ಉದ್ದೇಶ. ಪ್ರಾಕ್ಕಲ್ಪನೆ ಅಂದರೆ ಸುಳ್ಳಾಗಲು ಜಾಗ ಇರುವ ಹೇಳಿಕೆ. ‘ಸಾಬೀತು ಮಾಡುವುದು’ ಅಂತ ಹೊರಟ ಮೇಲೆ ಆ ಜಾಗ ಎಲ್ಲಿ ಉಳಿಯಿತು? ‘ಕೆಟ್ಟ ಪರಿಣಾಮ’ ಅನ್ನುವುದನ್ನೂ ಯಾವ ಅಳತೆಯಲ್ಲಿ ನೋಡುತ್ತೀರಿ ಅಂತ ಹೇಳಿಲ್ಲ. ನೀವು ನಿಜವಾಗಿ ಮಾಡಿದ ಪ್ರಯೋಗಕ್ಕೆ ಹೊಂದುವ ವಾಕ್ಯ ಹೀಗಿರಬಹುದು: ‘ಸಾಹಿತ್ಯವಿರುವ ಹಾಡು ಕೇಳುತ್ತಾ 20 ಪದಗಳ ಪಟ್ಟಿ ಓದಿದವರು, ನಿಶ್ಶಬ್ದದಲ್ಲಿ ಓದಿದವರಿಗಿಂತ ಸರಾಸರಿ ಕಡಿಮೆ ಪದಗಳನ್ನು ನೆನಪಿಸಿಕೊಳ್ಳುತ್ತಾರೆ.’ ಇದರಲ್ಲಿ ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ಏನನ್ನು ಎಣಿಸುತ್ತೀರಿ, ಯಾವ ದಿಕ್ಕಿನಲ್ಲಿ ನಿರೀಕ್ಷೆ ಇದೆ, ಎಲ್ಲ ಬಂತು.

ಶೂನ್ಯ ಪ್ರಾಕ್ಕಲ್ಪನೆಯಲ್ಲಿ ಇನ್ನೂ ದೊಡ್ಡ ತಪ್ಪಿದೆ. ‘ಸಂಗೀತ ನೆನಪಿನ ಮೇಲೆ ಒಳ್ಳೆಯ ಪರಿಣಾಮ ಬೀರುತ್ತದೆ’ ಅಂತ ಬರೆದಿದ್ದೀರಿ. ಶೂನ್ಯ ಅಂದರೆ ಉಲ್ಟಾ ಅಲ್ಲ. ಶೂನ್ಯ ಅಂದರೆ ವ್ಯತ್ಯಾಸ ಇಲ್ಲ: ಎರಡೂ ಸ್ಥಿತಿಯಲ್ಲಿ ನೆನಪಾದ ಪದಗಳ ಸರಾಸರಿ ಒಂದೇ. ಇದು ಸುಮ್ನೆ ಪದದ ತಕರಾರಲ್ಲ. t ಪರೀಕ್ಷೆ ಪರೀಕ್ಷಿಸುವುದು ಆ ‘ವ್ಯತ್ಯಾಸ ಇಲ್ಲ’ ಅನ್ನೋ ಹೇಳಿಕೆಯನ್ನೇ. ನೀವು ಬರೆದ ವಾಕ್ಯವನ್ನು ಅದು ಮುಟ್ಟುವುದೂ ಇಲ್ಲ. ಮುಂದೆ ಚರ್ಚೆಯ ಭಾಗ ದಾರಿ ತಪ್ಪಿದ್ದಕ್ಕೆ ಅರ್ಧ ಕಾರಣ ಇಲ್ಲೇ ಇದೆ.

ನಿರೀಕ್ಷೆಗೆ ದಿಕ್ಕು ಕೊಟ್ಟು, ಪರೀಕ್ಷೆಯನ್ನು ಮಾತ್ರ ಎರಡೂ ದಿಕ್ಕಿಗೆ ಮಾಡಿದ್ದೀರಿ. ಹಾಗೆ ಮಾಡಬಹುದು, ಯಾಕೆ ಅಂತ ಒಂದು ಸಾಲು ಸಾಕು. ಆದರೆ ಈಗ ಫಲಿತಾಂಶ ನೋಡಿದ ಮೇಲೆ ಒಂದೇ ದಿಕ್ಕಿನ ಪರೀಕ್ಷೆಗೆ ಹೋಗಬೇಡಿ. ಆ ತೀರ್ಮಾನ ದತ್ತಾಂಶಕ್ಕೆ ಮೊದಲೇ ಆಗಬೇಕು.

ಚರಗಳ ಭಾಗ ಸ್ವಲ್ಪ ವಾಸಿ. ಸ್ವತಂತ್ರ ಚರ ಯಾವುದು, ಅವಲಂಬಿತ ಚರ ಯಾವುದು ಅಂತ ಸರಿಯಾಗಿ ಗುರುತಿಸಿದ್ದೀರಿ. ಆದರೆ ಗುರುತಿಸುವುದು ಬೇರೆ, ವ್ಯಾಖ್ಯಾನಿಸುವುದು ಬೇರೆ. ಸ್ವತಂತ್ರ ಚರ ‘ಸಂಗೀತ’ ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಿ. ಸಾಹಿತ್ಯ ಇತ್ತಾ? ಕೇಳುವವರಿಗೆ ಅರ್ಥವಾಗುವ ಭಾಷೆಯಾ? ಮೊದಲೇ ಪರಿಚಯವಿದ್ದ ಹಾಡಾ? ಸಲಾಮೆ ಮತ್ತು ಬ್ಯಾಡ್ಲಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕಿಗಳನ್ನು ಕ್ರಮವಾಗಿ ನೆನಪಿಡುವ ಕೆಲಸಕ್ಕೆ ಬರೀ ವಾದ್ಯಸಂಗೀತಕ್ಕಿಂತ ಹಾಡುಗಾರಿಕೆ ಜಾಸ್ತಿ ಅಡ್ಡಿ ಮಾಡಿತ್ತು. ಅಂದರೆ ಹಾಡಲ್ಲಿ ಮಾತಿದೆಯೋ ಇಲ್ಲವೋ ಅನ್ನುವುದು ಸಣ್ಣ ವಿವರ ಅಲ್ಲ, ಅದೇ ನಿಮ್ಮ ಚರದ ತಿರುಳು. ‘ವಾಲ್ಯೂಮ್ ಮಧ್ಯಮ’ ಅಂತಲೂ ಬರೆದಿದ್ದೀರಿ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನು, ತಮ್ಮ ತಮ್ಮ ಇಯರ್‌ಫೋನಿನಲ್ಲಿ ಕೇಳಿದ್ದರೆ 15 ಜನರಿಗೆ 15 ಬಗೆಯ ಮಧ್ಯಮ ಆಗಿರುತ್ತದೆ, ಅಲ್ವಾ?

ಅವಲಂಬಿತ ಚರ ‘ನೆನಪಿನ ಶಕ್ತಿ’ ಅಂತಿದೆ. ನೀವು ಅಳೆದದ್ದು ಅದಲ್ಲ. ಎರಡು ನಿಮಿಷ ಪಟ್ಟಿ ಓದಿ, ಅದಾದ ತಕ್ಷಣ ಎರಡು ನಿಮಿಷದಲ್ಲಿ ಯಾವುದೇ ಕ್ರಮದಲ್ಲಿ ಬರೆದ ಸರಿಯಾದ ಪದಗಳ ಸಂಖ್ಯೆ. ಅಷ್ಟೇ ಬರೆಯಿರಿ. ಇನ್ನು ‘ಸರಿಯಾದ’ ಅಂದರೆ ಏನು ಅನ್ನೋ ಪ್ರಶ್ನೆ. ಇದಕ್ಕಾಗಿ ನಾನು ಉತ್ತರ ಹಾಳೆಗಳನ್ನೆಲ್ಲ ತಿರುವಿ ಹಾಕಿದೆ. ಪಟ್ಟಿಯಲ್ಲಿ ‘ಮರ’ ಇದೆ. 7ನೆಯವರು ‘ಮರಗಳು’ ಅಂತ ಬರೆದಿದ್ದಾರೆ, ನೀವು ಸರಿ ಹಾಕಿದ್ದೀರಿ. ಪಟ್ಟಿಯಲ್ಲಿ ‘ಹೂವು’ ಇದೆ. 19ನೆಯವರು ‘ಹೂಗಳು’ ಅಂತ ಬರೆದಿದ್ದಾರೆ, ನೀವು ತಪ್ಪು ಹಾಕಿದ್ದೀರಿ. 7ನೆಯವರು ನಿಶ್ಶಬ್ದದ ಗುಂಪು, 19ನೆಯವರು ಹಾಡಿನ ಗುಂಪು. ಎರಡೂ ಕಡೆ ತೀರ್ಪು ನಿಮ್ಮ ನಿರೀಕ್ಷೆಯ ಕಡೆಗೇ ಬಿದ್ದಿದೆ.

ನೀವು ಬೇಕೆಂದೇ ಹಾಗೆ ಮಾಡಿದ್ದೀರಿ ಅಂತ ನಾನು ಖಂಡಿತ ಹೇಳುತ್ತಿಲ್ಲ. 22ನೆಯವರನ್ನು ಉಳಿಸಿಕೊಂಡವರು ಹಾಗೆ ಮಾಡುವವರಲ್ಲ. ಆದರೆ ಯಾರು ಯಾವ ಗುಂಪು ಅಂತ ಗೊತ್ತಿದ್ದು, ಅಂಕ ಹಾಕುವ ನಿಯಮ ಮೊದಲೇ ಬರೆದಿಡದೆ ಇದ್ದಾಗ, ಕೈ ತಾನಾಗಿಯೇ ವಾಲುತ್ತದೆ. ವ್ಯಾಖ್ಯೆ ಅಂತ ನಾವು ಹಠ ಹಿಡಿಯುವುದು ಇದಕ್ಕೇ. ತಿದ್ದುವ ಮುಂಚೆ ಒಂದೇ ನಿಯಮ ಬರೆದುಕೊಳ್ಳಿ. ಉದಾಹರಣೆಗೆ, ಬಹುವಚನ ಸರಿ, ಕಾಗುಣಿತದ ತಪ್ಪು ಸರಿ, ಅದೇ ಅರ್ಥದ ಬೇರೆ ಪದ ತಪ್ಪು. ಆಮೇಲೆ ಸಂಖ್ಯೆ ಮುಚ್ಚಿ, ಗುಂಪು ಗೊತ್ತಿಲ್ಲದ ಸಹಪಾಠಿಯಿಂದ ಮೂವತ್ತೂ ಹಾಳೆಗೆ ಮತ್ತೆ ಅಂಕ ಹಾಕಿಸಿ.

ನಿಯಂತ್ರಿತ ಚರಗಳಲ್ಲಿ ‘ಬುದ್ಧಿಶಕ್ತಿ’ ಅಂತ ಸೇರಿಸಿದ್ದೀರಿ. ಅದನ್ನು ಎಲ್ಲೂ ಅಳೆದಿಲ್ಲ, ತೆಗೆದುಹಾಕಿ. ಅದರ ಬದಲು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಸಂಗತಿ ಒಂದು ಸಾಲಿನಲ್ಲಿ ಮರೆಯಾಗಿದೆ: 1ರಿಂದ 15ರವರೆಗಿನವರು ಬೆಳಿಗ್ಗೆ, 16ರಿಂದ 30ರವರೆಗಿನವರು ಊಟದ ನಂತರ. ಹಾಗಾದರೆ ಗುಂಪುಗಳ ನಡುವೆ ಹಾಡು ಮಾತ್ರ ಬೇರೆ ಅಲ್ಲ, ಹೊತ್ತೂ ಬೇರೆ. ಇದನ್ನು ಈಗ ಸರಿಪಡಿಸಲು ಆಗುವುದಿಲ್ಲ. ಮಿತಿ ಅಂತ ಸ್ಪಷ್ಟವಾಗಿ ಬರೆಯಲು ಆಗುತ್ತದೆ.

ಇನ್ನು ಅರ್ಥವಿವರಣೆ. ಲೆಕ್ಕ ಸರಿಯಾಗಿದೆ. ನಿಶ್ಶಬ್ದ: ಸರಾಸರಿ 11.20, ಪ್ರಮಾಣ ವಿಚಲನೆ 3.1. ಹಾಡು: ಸರಾಸರಿ 9.87, ಪ್ರಮಾಣ ವಿಚಲನೆ 3.4. t(28) = 1.12, p = .27. ಇದಾದ ಮೇಲೆ ಒಂದೇ ಪುಟದಲ್ಲಿ ನೀವು ಮೂರು ಮಾತು ಹೇಳಿದ್ದೀರಿ. ಒಂದು, ಪ್ರಯೋಗ ವಿಫಲವಾಯಿತು. ಎರಡು, ಸಂಗೀತದಿಂದ ನೆನಪಿಗೆ ಏನೂ ಆಗುವುದಿಲ್ಲ ಅಂತ ಸಾಬೀತಾಯಿತು. ಮೂರು, ಜಾಸ್ತಿ ಜನ ಇದ್ದಿದ್ದರೆ ಖಂಡಿತ ವ್ಯತ್ಯಾಸ ಬರುತ್ತಿತ್ತು. ಎರಡನೆಯದು ನಿಜವಾದರೆ ಮೂರನೆಯದು ಹೇಗೆ ನಿಜವಾಗುತ್ತದೆ? ಒಂದರ ಪಕ್ಕ ಒಂದಿಟ್ಟು ಓದಿ ನೋಡಿ.

ಪ್ರಯೋಗ ವಿಫಲವಾಗಿಲ್ಲ. ಸೂಚನೆ ಕೊಟ್ಟಿರಿ, ಜನ ಕೆಲಸ ಮಾಡಿದರು, ಅಳತೆ ಸಿಕ್ಕಿತು. ನಿರೀಕ್ಷೆಗೆ ತಕ್ಕ ಉತ್ತರ ಬರಲಿಲ್ಲ, ಅಷ್ಟೇ. ಹಾಗೆಯೇ ‘ಏನೂ ಆಗುವುದಿಲ್ಲ’ ಅನ್ನುವುದೂ ಸಾಬೀತಾಗಿಲ್ಲ. ‘p = .27, ಆದ್ದರಿಂದ ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಾಧ್ಯತೆ 27%’ ಅನ್ನೋ ನಿಮ್ಮ ವಾಕ್ಯವನ್ನು ಪೂರ್ತಿ ಅಳಿಸಿ. p ಹೇಳುವುದು ಇಷ್ಟು: ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ, ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಸುಮಾರು 27% ಸಲ ಕಾಣಿಸುತ್ತದೆ. ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲು ಇಷ್ಟು ಪುರಾವೆ ಸಾಲದು. ಸಾಲದು ಅನ್ನುವುದಕ್ಕೂ ಅದು ನಿಜ ಅನ್ನುವುದಕ್ಕೂ ತುಂಬ ದೂರ ಇದೆ.

ಆ ದೂರ ಎಷ್ಟು ಅಂತ ಕಾಣಬೇಕಾದರೆ ವಿಶ್ವಾಸ ಅಂತರ ಲೆಕ್ಕ ಹಾಕಿ. ನಾನು ಹಾಕಿದೆ: ವ್ಯತ್ಯಾಸ 1.33 ಪದ, ಅದರ 95% ವಿಶ್ವಾಸ ಅಂತರ −1.10ರಿಂದ 3.77. ಅಂದರೆ ಹಾಡು ಕೇಳಿದವರು ಒಂದು ಪದ ಮುಂದಿರುವುದರಿಂದ ಹಿಡಿದು, ಸುಮಾರು ನಾಲ್ಕು ಪದ ಹಿಂದಿರುವವರೆಗೆ ಎಲ್ಲವೂ ನಿಮ್ಮ ದತ್ತಾಂಶಕ್ಕೆ ಹೊಂದುತ್ತದೆ. 20 ಪದಗಳ ಪಟ್ಟಿಯಲ್ಲಿ ನಾಲ್ಕು ಪದ ಅಂದರೆ ಕಡಿಮೆ ಅಲ್ಲ. ಇಷ್ಟು ಅಗಲದ ಅಂತರ ಕೈಯಲ್ಲಿಟ್ಟುಕೊಂಡು ‘ಏನೂ ಆಗುವುದಿಲ್ಲ’ ಅಂತ ಯಾರೂ ಹೇಳಲಾರರು.

ಮೂರನೆಯ ಮಾತಿನಲ್ಲಿ ಒಂದು ತುಣುಕು ನಿಜ ಇದೆ. ಗುಂಪಿಗೆ 15 ಜನ ಕಡಿಮೆಯೇ. ನಿಜವಾದ ಪರಿಣಾಮ ಮಧ್ಯಮ ಗಾತ್ರದ್ದು, d = 0.5 ಅಂತ ಇಟ್ಟುಕೊಂಡರೂ, .05 ಮಟ್ಟದಲ್ಲಿ ಎರಡೂ ದಿಕ್ಕಿನ ಪರೀಕ್ಷೆ ಅದನ್ನು ಹಿಡಿಯುವುದು ಸುಮಾರು ನಾಲ್ಕರಲ್ಲಿ ಒಂದು ಸಲ. ಹಾಗೆ ಹಿಡಿಯುವ ಸಾಧ್ಯತೆ, ಅಂದರೆ ಪವರ್, 80% ಬೇಕೆಂದರೆ ಗುಂಪಿಗೆ 64 ಜನ ಬೇಕು. ಆದರೆ ‘ಖಂಡಿತ’ ಅನ್ನೋ ಪದ ಎಲ್ಲಿಂದ ಬಂತು? ಜಾಸ್ತಿ ಜನ ಇದ್ದರೆ ವಿಶ್ವಾಸ ಅಂತರ ಕಿರಿದಾಗುತ್ತದೆ. ಅದು ಶೂನ್ಯದ ಹತ್ತಿರ ಕಿರಿದಾಗುತ್ತದೋ ದೂರ ಹೋಗಿ ಕಿರಿದಾಗುತ್ತದೋ ಇವತ್ತು ಹೇಳಲು ಬರುವುದಿಲ್ಲ.

ಚರ್ಚೆಯ ಮೊದಲ ಪ್ಯಾರಾ ಹೀಗಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ: ‘ನಿರೀಕ್ಷಿಸಿದಂತೆ ಹಾಡು ಕೇಳಿದ ಗುಂಪಿನ ಸರಾಸರಿ ಕಡಿಮೆ ಇತ್ತು, ಆದರೆ ವ್ಯತ್ಯಾಸ ಸಾರ್ಥಕವಾಗಿರಲಿಲ್ಲ. ಆದ್ದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲು ಆಗಲಿಲ್ಲ. ವಿಶ್ವಾಸ ಅಂತರ ಅಗಲವಾಗಿರುವುದರಿಂದ, ಪರಿಣಾಮ ಇಲ್ಲವೆಂದೂ ಈ ದತ್ತಾಂಶದಿಂದ ಹೇಳಲಾಗದು. ಗುಂಪುಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಪರೀಕ್ಷಿಸಿದ್ದರಿಂದ, ಕಂಡ ಅಂತರ ಹಾಡಿನದೇ ಎನ್ನುವುದೂ ಕಷ್ಟ.’ ಇದನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ಮಾತಿನಲ್ಲಿ ಬರೆಯಿರಿ. ಇದರ ಜೊತೆ ಇನ್ನೊಂದು ವಿಷಯ ಯೋಚಿಸಿ: ಆ 1989ರ ಅಧ್ಯಯನದಲ್ಲಿ ಕ್ರಮವೂ ನೆನಪಿರಬೇಕಿತ್ತು, ನಿಮ್ಮದರಲ್ಲಿ ಕ್ರಮ ಬೇಕಿರಲಿಲ್ಲ. ಆ ವ್ಯತ್ಯಾಸದ ಬಗ್ಗೆ ನೀವು ಏನು ಬರೆಯುತ್ತೀರಿ ಅಂತ ಓದಲು ನನಗೆ ನಿಜವಾಗಿಯೂ ಆಸೆ ಇದೆ.

ತಿದ್ದಿದ ವರದಿ ಮುಂದಿನ ಗುರುವಾರ ಲ್ಯಾಬ್ ಅವಧಿಗೆ ಮೊದಲು ಬರಲಿ. ಹೊಸದಾಗಿ ಹಾಕಿದ ಅಂಕಗಳಿಂದ ಬಂದ t, p ಯಾವುದೇ ಇರಲಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಕೊಡಿ. ಹಳೆಯ ಉತ್ತರ ಹಾಳೆಗಳನ್ನೂ, ಪೆನ್ಸಿಲಿನ ಆ ಟಿಪ್ಪಣಿ ಇರುವ ಹಾಳೆಯನ್ನೂ ಲಗತ್ತಿಸಿ.