ಡೆನ್ಮಾರ್ಕಿನ ಕೆಲಸ ಒಪ್ಪಿಕೊಂಡ ಮರುದಿನ ಸರ್ ಅವರಿಗೆ ಬರೆದ ಪತ್ರ

ಪೂಜ್ಯ ಸರ್ ಅವರಿಗೆ,

ನಮಸ್ಕಾರಗಳು. ಡೆನ್ಮಾರ್ಕಿನಲ್ಲಿ ಗಾಳಿಯಂತ್ರಗಳ ನಿರ್ವಹಣೆ ಮಾಡುವ ಸಂಸ್ಥೆಯೊಂದು ಕಳುಹಿಸಿದ್ದ ನೇಮಕಾತಿ ಪತ್ರಕ್ಕೆ ನಿನ್ನೆ ಸಂಜೆ ಸಹಿ ಮಾಡಿ ಕಳುಹಿಸಿದೆ. ಫೋನಿನಲ್ಲಿ ತಿಳಿಸಿದರೆ "ಒಳ್ಳೆಯದಾಯಿತಮ್ಮ" ಎಂದು ಅರ್ಧ ನಿಮಿಷದಲ್ಲಿ ಮಾತು ಮುಗಿಸಿಬಿಡುತ್ತೀರಿ ಎಂಬುದು ಗೊತ್ತಿರುವುದರಿಂದ, ನೀವು ನಡುವೆ ತಡೆಯಲಾಗದಂತೆ ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿ ನನ್ನ ಪಾಲಿಗೆ ಬರುವುದು ಗೇರ್‌ಬಾಕ್ಸ್‌ಗಳ ಕಂಪನದ ವಿಶ್ಲೇಷಣೆ. ನಾವು ನೋಡುತ್ತಿದ್ದ ಪಂಪಿನ ಮೋಟಾರು ನಿಮಿಷಕ್ಕೆ 1480 ಸುತ್ತು ತಿರುಗುತ್ತಿತ್ತು. ದೊಡ್ಡ ಗಾಳಿಯಂತ್ರದ ರೆಕ್ಕೆಗಳು ನಿಮಿಷಕ್ಕೆ ಹತ್ತು ಹದಿನೈದು ಸುತ್ತು ತಿರುಗಿದರೆ ಹೆಚ್ಚು. ಇಷ್ಟು ನಿಧಾನವಾಗಿ ತಿರುಗುವ ಬೇರಿಂಗಿನ ದೋಷವು ಗೇರುಗಳ ಸದ್ದಿನಡಿ ಸುಲಭವಾಗಿ ಮುಚ್ಚಿಹೋಗುತ್ತದೆಯಾದ್ದರಿಂದ ಕಲಿಯಬೇಕಾದದ್ದು ಬಹಳವಿದೆ. ಆದರೂ ಹೆದರಿಕೆಯಾಗುತ್ತಿಲ್ಲ, ಅದಕ್ಕೆ ಕಾರಣ ನೀವು.

ಮೊದಲ ವರ್ಷ ಎರಡನೇ ಪಂಪಿನ ಬಗ್ಗೆ ನಾನು ಬರೆದ ವರದಿ ನಿಮಗೆ ನೆನಪಿರಬಹುದು. ಕಂಪನ ಸೆಕೆಂಡಿಗೆ 7.8 ಮಿಲಿಮೀಟರ್ ತೋರಿಸುತ್ತಿತ್ತು, ಸ್ಪೆಕ್ಟ್ರಮ್‌ನಲ್ಲಿ ತಿರುಗುವ ವೇಗದ ಜಾಗದಲ್ಲೇ ಒಂದು ಎತ್ತರದ ಗೆರೆ ನಿಂತಿತ್ತು. ಪುಸ್ತಕದಲ್ಲಿ ಓದಿದ್ದಂತೆ ಇದು ಅಸಮತೋಲನವೆಂದು ತೀರ್ಮಾನಿಸಿ, ರೋಟರ್ ಬಿಚ್ಚಿ ಬ್ಯಾಲೆನ್ಸಿಂಗಿಗೆ ಕಳುಹಿಸಬೇಕೆಂದು ಬರೆದು ತಂದಿದ್ದೆ. ನೀವು ಓದಿ, ತಪ್ಪೆಂದೂ ಹೇಳದೆ ಸರಿಯೆಂದೂ ಹೇಳದೆ, "ಮೋಟಾರಿನ ಕಾಲು ಮುಟ್ಟಿ ನೋಡಿದೆಯಾ?" ಎಂದು ಮಾತ್ರ ಕೇಳಿದಿರಿ. ಮಧ್ಯಾಹ್ನ ಯಂತ್ರ ನಿಲ್ಲಿಸಿ, ವಿದ್ಯುತ್ ಕಡಿದು ಬೀಗ ಹಾಕಿಸಿ, ಡಯಲ್ ಗೇಜ್ ಕೂರಿಸಿ, ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ನನ್ನ ಕೈಯಿಂದಲೇ ಸಡಿಲ ಮಾಡಿಸಿದಿರಿ. ಮೊದಲೆರಡಕ್ಕೆ ಮುಳ್ಳು ಅಲುಗಲಿಲ್ಲ. ಮೂರನೆಯದನ್ನು ಸಡಿಲಿಸುತ್ತಿದ್ದಂತೆ ಅದು 0.20 ಮಿಲಿಮೀಟರ್ ಸರಿದು ನಿಂತಿತು. ಆ ಕಾಲು ಬೇಸ್ ಫ್ರೇಮಿನ ಮೇಲೆ ಕೂತೇ ಇರಲಿಲ್ಲ, ಬೋಲ್ಟ್ ಬಿಗಿದಾಗಲೆಲ್ಲ ಮೋಟಾರಿನ ಮೈಯೇ ತಿರುಚಿಕೊಳ್ಳುತ್ತಿತ್ತು. ಅಳತೆಗೆ ತಕ್ಕ ಶಿಮ್ ಹಾಕಿ, ಅಲೈನ್‌ಮೆಂಟ್ ಮತ್ತೊಮ್ಮೆ ನೋಡಿ ಚಾಲೂ ಮಾಡಿದಾಗ ಕಂಪನ 2.1ಕ್ಕೆ ಇಳಿದಿತ್ತು. ರೋಟರ್ ಬಿಚ್ಚಿದ್ದರೆ ಮೂರು ದಿನದ ಕೆಲಸ ವ್ಯರ್ಥವಾಗುತ್ತಿತ್ತು. ನೀವು ಆ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ. ವರದಿಯನ್ನು ನನಗೇ ಹಿಂತಿರುಗಿಸಿ, ನಾನೇ ತಿದ್ದಿ ನನ್ನ ಹೆಸರಿನಲ್ಲೇ ಸಲ್ಲಿಸುವಂತೆ ಮಾಡಿದಿರಿ.

ಸಂದರ್ಶನದ ಕೊನೆಯ ಸುತ್ತಿನಲ್ಲಿ ಅವರು ತೆರೆಯ ಮೇಲೆ ತೋರಿಸಿದ್ದು ಹೆಚ್ಚುಕಡಿಮೆ ಅಂಥದೇ ಚಿತ್ರ. ದೋಷ ಏನೆಂದು ಕೇಳಿದಾಗ ಬಾಯಿಗೆ ಬಂದದ್ದು ಅಸಮತೋಲನ ಎಂಬ ಮಾತೇ, ಸುಳ್ಳು ಹೇಳಲಾರೆ. ಅದನ್ನು ನುಂಗಿಕೊಂಡು, ಬಾಗಿದ ಶಾಫ್ಟ್ ಆಗಲಿ ಸಡಿಲವಾದ ತಳಪಾಯವಾಗಲಿ ಇದೇ ಜಾಗದಲ್ಲಿ ಗೆರೆ ಎಬ್ಬಿಸಬಹುದಾದ್ದರಿಂದ ಇದೊಂದನ್ನೇ ನೋಡಿ ಹೇಳಲಾರೆ, ಫೇಸ್ ರೀಡಿಂಗ್ ಬೇಕು, ಯಂತ್ರದ ಕಾಲುಗಳನ್ನೂ ಪರೀಕ್ಷಿಸಬೇಕು ಎಂದೆ. ಅವರಲ್ಲಿ ಹಿರಿಯರೊಬ್ಬರು ನಕ್ಕು, ನಿಮ್ಮ ಶಿಫಾರಸು ಪತ್ರದ ಎರಡನೇ ಪ್ಯಾರಾವನ್ನು ಓದಿ ಹೇಳಿದರು. ಈ ಪಂಪಿನ ಕಥೆಯನ್ನೇ ನೀವು ಅಲ್ಲಿ ಬರೆದಿದ್ದೀರಿ ಎಂದು ನನಗೆ ಗೊತ್ತಾದದ್ದು ಆಗಲೇ. ನನ್ನ ತಪ್ಪನ್ನೇ ನನ್ನ ಅರ್ಹತೆಯೆಂದು ಬರೆಯುವ ಧೈರ್ಯ ಬೇರೆ ಯಾರಿಗಿತ್ತು, ಸರ್? ಮೊದಲೇ ತಿಳಿದಿದ್ದರೆ ಅದನ್ನು ತೆಗೆಸಿರೆಂದು ನಿಮ್ಮನ್ನು ಬೇಡಿಕೊಳ್ಳುತ್ತಿದ್ದೆನೇನೋ.

ಒಂದು ಅಳುಕನ್ನೂ ಹೇಳಿಕೊಳ್ಳಬೇಕು. ನಾಲ್ಕು ವರ್ಷ ನೀವು ಕೈಹಿಡಿದು ಕಲಿಸಿದ್ದನ್ನು ಗಂಟುಕಟ್ಟಿಕೊಂಡು ಹೊರಟುಬಿಡುತ್ತಿದ್ದೇನಲ್ಲ ಎಂದು ಸಹಿ ಹಾಕುವ ಮುನ್ನ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕಾಗಿ ಪ್ರತಿ ಯಂತ್ರದ ಹಳೆಯ ರೀಡಿಂಗ್‌ಗಳನ್ನೂ, ಎಲ್ಲೆಲ್ಲಿ ಎಡವಿದ್ದೆನೆಂಬುದನ್ನೂ ಒಂದು ಪುಸ್ತಕಕ್ಕೆ ಇಳಿಸಿ, ನನ್ನ ಜಾಗಕ್ಕೆ ಬರುವ ಹುಡುಗನೊಂದಿಗೆ ಕೂತು ಓದುತ್ತಿದ್ದೇನೆ. ಅವನೂ ನನ್ನಂತೆಯೇ ಆತುರಗಾರ.

ಹೊರಡಲು ಇನ್ನು ಏಳು ವಾರಗಳಿವೆ. ಮುಂದಿನ ಭಾನುವಾರ ಬೆಳಗ್ಗೆ ನಿಮ್ಮ ಮನೆಗೆ ಬಂದು ಆಶೀರ್ವಾದ ಪಡೆಯಬೇಕೆಂದಿದ್ದೇನೆ. ನಿವೃತ್ತಿಯ ದಿನ ನೀವು ನನಗೆ ಕೊಟ್ಟ ಡಯಲ್ ಗೇಜನ್ನೂ ತರುತ್ತೇನೆ. ಜೊತೆಗೆ ಒಯ್ಯುವ ಆಸೆ ನನಗಿದೆ, ಆದರೆ ಅದು ಆ ಹುಡುಗನ ಕೈಯಲ್ಲಿರುವುದೇ ಸರಿಯೆಂದೂ ಅನಿಸುತ್ತದೆ. ನೀವು ಹೇಳಿದಂತೆ ಮಾಡುತ್ತೇನೆ.

ಇತಿ ನಿಮ್ಮ ಶಿಷ್ಯೆ,
ಸುಪ್ರಿಯಾ