ಮ್ಯಾನೇಜರ್ ಸರ್ ಅವರಿಗೆ, ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಯಿಂದ

ಸರ್, ನಮಸ್ಕಾರ.

ನಿಮಗೆ ಭುವನೇಶ್ವರಕ್ಕೆ ವರ್ಗ ಆಗಿದೆ ಅಂತ ಸೋಮವಾರ ಪಾಸ್‌ಬುಕ್ ಎಂಟ್ರಿ ಹಾಕಿಸೋಕೆ ಬಂದಾಗ ಗೊತ್ತಾಯಿತು. ಕ್ಯಾಬಿನ್ನಿಗೆ ಬಂದು ಎರಡು ಮಾತು ಹೇಳೋಣ ಅಂದುಕೊಂಡೆ. ಒಳಗೆ ನಾಲ್ಕು ಜನ ಕೂತಿದ್ದರು, ನನಗೋ ಬಾಯಿ ತೆಗೆದರೆ ಅಳು ಬರುವ ಹಾಗಿತ್ತು. ಅದಕ್ಕೇ ಈ ಕಾಗದ.

ಈ ಬ್ರಾಂಚಿನಲ್ಲಿ ನಮ್ಮ ಖಾತೆ 1991ರಿಂದ ಇದೆ. ಹಿತ್ತಾಳೆ ಟೋಕನ್ ಹಿಡಿದು ಕಾಯುತ್ತಿದ್ದ ಕಾಲ. ಎಷ್ಟೋ ಮ್ಯಾನೇಜರು ಬಂದರು, ಎರಡು ಮೂರು ವರ್ಷ ಇದ್ದು ಹೋದರು. ಯಾರನ್ನೂ ಕೆಟ್ಟವರು ಅನ್ನಲಾರೆ. ಆದರೆ ಹೋಗುವವರಿಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು.

2023ರ ಆಗಸ್ಟಿನಲ್ಲಿ ನಮ್ಮ ಯಜಮಾನರು ತೀರಿಕೊಂಡರಲ್ಲ, ಅವರ ಎಫ್‌ಡಿಗೆ ನಾಮಿನಿಯೇ ಇರಲಿಲ್ಲ. ಮರಣ ಪತ್ರ, ವಂಶವೃಕ್ಷ, ಇಬ್ಬರು ಹೆಣ್ಣುಮಕ್ಕಳ ಒಪ್ಪಿಗೆ ಪತ್ರ, ಬಾಂಡ್ ಪೇಪರ್, ಹೀಗೆ ಯಾವುದು ಮೊದಲು ಯಾವುದು ಆಮೇಲೆ ಅಂತ ನೀವೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿರಿ. ನಾನು ಸಹಿ ಮಾಡುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿದ್ದಿರಿ. ಸೆಪ್ಟೆಂಬರಿನಲ್ಲಿ ಅವರ ಬೀರುವಿನಲ್ಲಿ ಪೇಪರ್ ಹಾಸಿನ ಕೆಳಗೆ ಎರಡು ಸಾವಿರ ರೂಪಾಯಿಯ 17 ನೋಟು ಸಿಕ್ಕವು. ಬದಲಾಯಿಸಿಕೊಳ್ಳೋಕೆ ಒಂದು ಸಲಕ್ಕೆ 20,000 ಮಾತ್ರ ಅಂತ ಕೇಳಿ ಗಾಬರಿಯಾಗಿ ಓಡಿ ಬಂದೆ. "ಬದಲಾಯಿಸೋದು ಯಾಕಮ್ಮ, ಖಾತೆಗೇ ಕಟ್ಟಿಬಿಡಿ" ಅಂದಿರಿ. ಐದು ನಿಮಿಷದ ಕೆಲಸ. ಅವರು ಯಾತಕ್ಕೆ ಎತ್ತಿಟ್ಟಿದ್ದರೋ ಆ ದುಡ್ಡು, ಈಗಲೂ ನನಗೆ ತಿಳಿಯದು.

ಇನ್ನು 2024ರ ನವೆಂಬರಿನ ಮಾತು. ಇದನ್ನು ಮಕ್ಕಳಿಗೂ ನಾನು ಪೂರ್ತಿ ಹೇಳಿಲ್ಲ.

ನನ್ನ ಹೆಸರಿನ ಪಾರ್ಸಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ನಾವು ಮುಂಬೈ ಪೊಲೀಸರು ಅಂತ ವಿಡಿಯೋ ಕಾಲ್. ಯಾರಿಗೂ ಹೇಳಕೂಡದು, ಫೋನ್ ಕಟ್ ಮಾಡಕೂಡದು, ಡಿಜಿಟಲ್ ಅರೆಸ್ಟ್ ಆಗಿದೆ ಅಂದರು. ಎರಡು ದಿನ ಊಟ ಸೇರಲಿಲ್ಲ. ದುಡ್ಡು ಪರಿಶೀಲನೆಗೆ ಕಳಿಸು, ವಾಪಸ್ ಬರುತ್ತೆ ಅಂದಾಗ ನಂಬಿಬಿಟ್ಟೆ. ಯಜಮಾನರ ಆ ಎಫ್‌ಡಿ ಮುರಿಸಿ ಒಂಬತ್ತು ಲಕ್ಷ ಆರ್‌ಟಿಜಿಎಸ್ ಮಾಡಿಸೋಕೆ ಬಂದು ನಿಮ್ಮೆದುರು ಕೂತೆ. ಫೋನು ಸೆರಗಿನ ಮರೆಯಲ್ಲಿತ್ತು, ಆ ಕಡೆ ಅವನು ಕೇಳಿಸಿಕೊಳ್ಳುತ್ತಿದ್ದ.

ನೀವು ಫಾರ್ಮ್ ನೋಡಲೇ ಇಲ್ಲ. ನನ್ನ ಮುಖ ನೋಡಿದಿರಿ. "ಅಮ್ಮ, ಕಡಲೆಕಾಯಿ ಪರಿಷೆ ವಾರ. ಅಂಗಡಿ ಬಾಗಿಲು ಹಾಕಿದ್ದೀರಲ್ಲ?" ಅಂದಿರಿ. ನಾನು ಮಾತಾಡಲಿಲ್ಲ. ಹಳೇ ಚಲನ್ನಿನ ಹಿಂಬದಿಯಲ್ಲಿ ಏನೋ ಗೀಚಿ, ಮೇಜಿನ ಮೇಲೆ ನನ್ನ ಕಡೆ ಸರಿಸಿದಿರಿ. "ಪೋನ್ ನಲ್ಲಿ ಯಾರು?"

ಕನ್ನಡದಲ್ಲಿ ಬರೆದಿದ್ದಿರಿ ಸರ್. ಗುಂಟೂರಿನವರು ನೀವು. ತಲೆಕಟ್ಟು ಅಷ್ಟೂ ತೆಲುಗಿನ ಥರ ಮೇಲಕ್ಕೆ ಏರಿತ್ತು. ಬಾಯಲ್ಲಿ ಹೇಳಲಾಗದ್ದಕ್ಕೆ ನನ್ನ ಕೈ ತಾನಾಗಿ ಫೋನ್ ಎತ್ತಿ ನಿಮ್ಮ ಮುಂದಿಟ್ಟಿತು. ನೀವು ಅದನ್ನು ಆಫ್ ಮಾಡಿದಿರಿ, ನೀರು ತರಿಸಿದಿರಿ. "ಡಿಜಿಟಲ್ ಅರೆಸ್ಟ್ ಅಂತ ಕಾನೂನಿನಲ್ಲಿ ಇಲ್ಲವೇ ಇಲ್ಲ" ಅಂತ ಮೂರು ಸಲ ಹೇಳಿದಿರಿ. ನಿಮ್ಮ ಫೋನಿನಿಂದಲೇ 1930ಕ್ಕೆ ಮಾಡಿ ದೂರು ಬರೆಸಿದಿರಿ. ಹೊರಗೆ ಕ್ಯೂ ಬೆಳೆದಿತ್ತು, ಊಟದ ಹೊತ್ತೂ ಮೀರಿತ್ತು. ಕಡೆಗೆ ಅಟೆಂಡರ್ ಹುಡುಗನ ಜೊತೆ ಆಟೋದಲ್ಲಿ ಮನೆ ಮುಟ್ಟಿಸಿದಿರಿ.

ಒಂಬತ್ತು ಲಕ್ಷ ಉಳಿಯಿತು, ನಿಜ. ಆದರೆ ಅವತ್ತು ನೀವು ನನ್ನನ್ನು ದಡ್ಡಿ ಅನ್ನಲಿಲ್ಲ, ಬೈಯಲಿಲ್ಲ, ಆಮೇಲೆ ಯಾವತ್ತೂ ಆ ವಿಷಯ ಎತ್ತಲಿಲ್ಲ. ಮಾರನೇ ದಿನ ಅಂಗಡಿಗೆ ಬಂದು ಒಂದು ಕಟ್ಟು ಊದುಬತ್ತಿ ತೆಗೆದುಕೊಂಡು, ಚಿಲ್ಲರೆ ಎಣಿಸಿಕೊಂಡು ಹೋದಿರಿ. ಅಷ್ಟರಿಂದಲೇ ನನಗೆ ಮತ್ತೆ ಗಲ್ಲಾ ಮೇಲೆ ಕೂರುವ ಧೈರ್ಯ ಬಂತು.

ಆ ಚೀಟಿ ಈಗಲೂ ಗಲ್ಲಾಪೆಟ್ಟಿಗೆಯಲ್ಲಿ, ಲಕ್ಷ್ಮಿ ಫೋಟೋ ಹಿಂದೆ ಇದೆ. ಅದನ್ನು ಮಾತ್ರ ನಿಮಗೆ ಕೊಡಲಾರೆ.

ಜೊತೆಗಿರುವ ಡಬ್ಬಿಯಲ್ಲಿ ಕಷಾಯದ ಪುಡಿ ಇದೆ. ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಸ್ವಲ್ಪ ಹಿಪ್ಪಲಿ; ಎಲ್ಲ ನಾನೇ ಹುರಿದು ಕುಟ್ಟಿದ್ದು. ನಿಮ್ಮ ಮನೆಯವರಿಗೆ ಚಳಿಗಾಲದಲ್ಲಿ ಕೆಮ್ಮು ಅಂದಿದ್ದಿರಿ. ಒಂದು ಲೋಟ ನೀರಿಗೆ ಅರ್ಧ ಚಮಚ ಸಾಕು. ಬೆಲ್ಲ ಹಾಕಿ ಕುದಿಸಿ, ಇಳಿಸಿದ ಮೇಲೆ ಹಾಲು ಬೆರೆಸಲಿ. ತೇವದ ಚಮಚ ಹಾಕಬೇಡಿ. ಡಬ್ಬಿ ಖಾಲಿಯಾದಾಗ ಅಂಗಡಿ ನಂಬರಿಗೆ ಒಂದು ಫೋನ್ ಮಾಡಿ, ಕೊರಿಯರ್ ಮಾಡಿಸುತ್ತೇನೆ.

ಇಂತಿ,
ನಿಮ್ಮ ಗ್ರಂಥಿಗೆ ಅಂಗಡಿ ಅಮ್ಮ